ಲ್ಯಾವೆಂಡರ್ ಚೀಟಿಯನ್ನು ಕರಾವಳಿಯಲ್ಲಿ ಓದುವುದು ಹೇಗೆ?

ನ್ಯೂಜೆರ್ಸಿಯಲ್ಲಿರುವ ಸೋದರಸೊಸೆ ವಾಟ್ಸ್ಆ್ಯಪ್‌ನಲ್ಲಿ ಒಂದು ಫೋಟೊ ಕಳಿಸಿದ್ದಳು. ಕುಂಡದಲ್ಲಿ ಸಿಕ್ಕಿಸಿದ ಪ್ಲಾಸ್ಟಿಕ್ ಚೀಟಿ, ಅದರ ಮೇಲೆ ನೇರಳೆ ಹೂವಿನ ಚಿತ್ರ, ಕೆಳಗೆ ಸಣ್ಣ ಅಕ್ಷರದಲ್ಲಿ ನಾಲ್ಕಾರು ಸಾಲು. ಗಿಡ ಲ್ಯಾವೆಂಡರ್; ಜಾತಿಯ ಹೆಸರು ಲವಂಡುಲಾ ಆಂಗುಸ್ಟಿಫೋಲಿಯಾ, ತಳಿ ‘ಹಿಡ್ಕೋಟ್’. ಪೂರ್ತಿ ಬಿಸಿಲು ಬೇಕು. ಬೇರೂರಿದ ಮೇಲೆ ನೀರು ಕಡಿಮೆ ಸಾಕು. ನೀರು ಬಸಿದು ಹೋಗುವ ಮಣ್ಣು. ಜೋನ್ 5ರಿಂದ 9. ಎತ್ತರ ಒಂದೂವರೆ ಅಡಿ.

“ಅತ್ತೆ, ಅಮ್ಮನಿಗೆ ಹೇಳಿ ಇದೇ ಗಿಡ ತರಿಸ್ತೀನಿ. ಬೆಂಗಳೂರಿನ ನರ್ಸರಿಯಲ್ಲಿ ಸಿಗುತ್ತಂತೆ. ಬಿಸಿಲು ಬೇಕು, ನೀರು ಬೇಡ ಅಂತ ಬರೆದಿದೆ. ಮಂಗಳೂರಿನ ನಮ್ಮ ಟೆರೇಸಿಗೆ ಹೇಳಿ ಮಾಡಿಸಿದ ಹಾಗಿದೆ ಅಲ್ವಾ?”

ಅವಳ ತರ್ಕದಲ್ಲಿ ತಪ್ಪು ಹುಡುಕುವುದು ಕಷ್ಟ. ಬಿಸಿಲಿಗೆ ಮಂಗಳೂರಿನಲ್ಲಿ ಬರವಿಲ್ಲ. ನೀರು ಕಡಿಮೆ ಸಾಕೆಂದರೆ ಅವಳಮ್ಮನ ಮೊಣಕಾಲಿಗೂ ಆರಾಮ, ಬಕೆಟ್ ಹೊತ್ತು ಮೆಟ್ಟಿಲು ಹತ್ತುವುದು ತಪ್ಪುತ್ತದೆ. ಚೀಟಿಯಲ್ಲಿರುವ ಒಂದೊಂದು ಸಾಲೂ ನಿಜವೇ. ಆದರೆ ಆ ಗಿಡವನ್ನು ಮಂಗಳೂರಿನ ಟೆರೇಸಿನಲ್ಲಿಟ್ಟರೆ ಜುಲೈ ಮುಗಿಯುವುದರೊಳಗೆ ಬುಡ ಕಪ್ಪಾಗಿ ಸಾಯುವ ಸಾಧ್ಯತೆಯೇ ಹೆಚ್ಚು. ನಿಜವಾದ ಸಾಲುಗಳೆಲ್ಲ ಸೇರಿ ಸುಳ್ಳಾಗುವುದು ಹೇಗೆ ಎಂಬುದನ್ನು ಬಿಡಿಸಿ ನೋಡಬೇಕು. ಇಂಥ ಚೀಟಿಗಳನ್ನು ಬರೆಯುವವರು ತಮ್ಮ ಊರಿನ ಹವೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆಯುತ್ತಾರೆ. ಅಲ್ಲಿನ ಓದುಗರಿಗೆ ಗೊತ್ತೇ ಇರುವ ಸಂಗತಿಯನ್ನು ಯಾರೂ ಅಚ್ಚು ಹಾಕಿಸುವುದಿಲ್ಲ. ನಮಗೆ ಬೇಕಾದ್ದು ಹಾಗೆ ಬಿಟ್ಟುಹೋದ ಆ ಸಂಗತಿಯೇ.

ಮೊದಲು ಎಲ್ಲರ ಕಣ್ಣು ಹೋಗುವ ಆ ಅಂಕಿ, ಜೋನ್ 5ರಿಂದ 9. ಇದು ಅಮೆರಿಕದ ಕೃಷಿ ಇಲಾಖೆಯ ನಕ್ಷೆಯ ಲೆಕ್ಕ. ಒಂದು ಊರಿನಲ್ಲಿ ವರ್ಷದ ಅತಿ ಚಳಿಯ ರಾತ್ರಿ ಉಷ್ಣಾಂಶ ಎಷ್ಟಕ್ಕಿಳಿಯುತ್ತದೆ ಎಂಬುದನ್ನು ಹಲವು ವರ್ಷ ನೋಡಿ, ಅದರ ಸರಾಸರಿ ತೆಗೆದು, ಹತ್ತು ಹತ್ತು ಡಿಗ್ರಿ ಫ್ಯಾರನ್‌ಹೀಟಿಗೊಂದರಂತೆ 13 ಪಟ್ಟಿ ಮಾಡಿದ್ದಾರೆ. 2023ರಲ್ಲಿ ಬಂದ ಇತ್ತೀಚಿನ ನಕ್ಷೆಗೆ 1991ರಿಂದ 2020ರವರೆಗಿನ ದಾಖಲೆಗಳು ಆಧಾರ. ಜೋನ್ 5 ಎಂದರೆ ಚಳಿಗಾಲದ ರಾತ್ರಿ ಸೊನ್ನೆಗಿಂತ 29 ಡಿಗ್ರಿ ಸೆಲ್ಸಿಯಸ್ ಕೆಳಗಿಳಿಯಬಹುದಾದ ಊರು. ಜೋನ್ 9ರಲ್ಲಿ ಅದು ಸೊನ್ನೆಯಿಂದ ಸುಮಾರು 7 ಡಿಗ್ರಿ ಕೆಳಗೆ. ಇದೇ ಅಳತೆಗೋಲಿನಲ್ಲಿ ಮಂಗಳೂರು ಎಲ್ಲಿ ಕೂರುತ್ತದೆ? ಕೊನೆಯ ಪಟ್ಟಿಯಲ್ಲಿ, 13ರಲ್ಲಿ. ಅದಕ್ಕಿಂತ ಮೇಲಿನ ಪಟ್ಟಿಯೇ ಇಲ್ಲ.

ಈ ಅಂಕಿ ಹೇಳುವುದು ಚಳಿಯ ಬಗ್ಗೆ ಮಾತ್ರ. ಬೇಸಿಗೆ ಎಷ್ಟು ಬಿಸಿ, ಮಳೆ ಯಾವ ತಿಂಗಳಲ್ಲಿ, ಗಾಳಿಯಲ್ಲಿ ತೇವ ಎಷ್ಟು, ರಾತ್ರಿ ಎಷ್ಟು ತಂಪು ಎಂಬ ಯಾವುದೂ ಅದರಲ್ಲಿಲ್ಲ. ಅಮೆರಿಕದ ವಾಯವ್ಯದ ಸಿಯಾಟಲ್ ಜೋನ್ 9. ಆಗ್ನೇಯದ ಉತ್ತರ ಫ್ಲಾರಿಡಾವೂ ಜೋನ್ 9. ಸಿಯಾಟಲ್‌ಗೆ ಹತ್ತಿರದ ಸೆಕ್ವಿಮ್ ಎಂಬ ಊರಿನಲ್ಲಿ ಲ್ಯಾವೆಂಡರ್ ಹೊಲಗಳಿವೆ, ವರ್ಷಕ್ಕೊಮ್ಮೆ ಹಬ್ಬವೂ ನಡೆಯುತ್ತದೆ. ಅದೇ ಗಿಡ ಫ್ಲಾರಿಡಾದ ಸೆಕೆ ಮಳೆಯಲ್ಲಿ ಕೊಳೆಯುತ್ತದೆ. ಎರಡೂ ಕಡೆಯ ಚಳಿಗಾಲ ಹೆಚ್ಚುಕಡಿಮೆ ಒಂದೇ, ಬೇಸಿಗೆಗಳು ಮಾತ್ರ ಅಜಗಜಾಂತರ. ಒಂದೇ ಅಂಕಿಯೊಳಗೆ ಇಷ್ಟು ದೂರದ ಎರಡು ಹವೆಗಳು ಅಡಗಿರುವಾಗ ಅದನ್ನು ನಂಬಿ ಮಂಗಳೂರಿಗೆ ಗಿಡ ತರುವುದಾದರೂ ಹೇಗೆ?

ಬೇಸಿಗೆಯ ಲೆಕ್ಕಕ್ಕೆ ಬೇರೊಂದು ನಕ್ಷೆ ಇದೆ. ಅಮೆರಿಕನ್ ಹಾರ್ಟಿಕಲ್ಚರಲ್ ಸೊಸೈಟಿ 1997ರಲ್ಲಿ ಹೊರತಂದ ಆ ನಕ್ಷೆಯಲ್ಲಿ 30 ಡಿಗ್ರಿ ಸೆಲ್ಸಿಯಸ್ ದಾಟುವ ದಿನಗಳನ್ನು ಎಣಿಸಿ 12 ಪಟ್ಟಿ ಮಾಡಿದ್ದಾರೆ. ಹೆಚ್ಚಿನ ಚೀಟಿಗಳಲ್ಲಿ ಅದು ಅಚ್ಚಾಗುವುದಿಲ್ಲ. ಅಪರೂಪಕ್ಕೆ ಜೋನಿನ ಪಕ್ಕದಲ್ಲೇ ಎರಡನೇ ಜೊತೆ ಅಂಕಿ ಕಂಡರೆ ನಮಗೆ ಹೆಚ್ಚು ಉಪಯೋಗಕ್ಕೆ ಬರುವುದು ಅದೇ. ಹಾಗಿಲ್ಲದಿದ್ದಾಗ ಜೋನಿನ ಎರಡು ಅಂಕಿಗಳಲ್ಲಿ ದೊಡ್ಡದನ್ನು ನೋಡಿ. ಚಿಕ್ಕ ಅಂಕಿ ಗಿಡ ಎಷ್ಟು ಚಳಿ ತಡೆಯುತ್ತದೆ ಎಂಬುದನ್ನು ಹೇಳುತ್ತದೆ, ಅದು ನಮಗೆ ಬೇಡದ ಸುದ್ದಿ. ದೊಡ್ಡ ಅಂಕಿ ಬೆಳೆಗಾರರ ಅನುಭವದಿಂದ ಬಂದದ್ದು: ಇದಕ್ಕಿಂತ ಬೆಚ್ಚಗಿನ ಊರಿಗೆ ಹೋದರೆ ಈ ಗಿಡ ಸುಖವಾಗಿರಲಾರದು ಎಂಬ ಅಂದಾಜು. ಅದು 8 ಅಥವಾ 9ಕ್ಕೆ ನಿಂತಿದ್ದರೆ ಕರಾವಳಿಯವರು ಅಲ್ಲಿಗೇ ಬಿಡುವುದು ಒಳ್ಳೆಯದು. 11ರ ಮೇಲಿದ್ದರೆ ಮುಂದಿನ ಸಾಲು ಓದಬಹುದು.

ಈ ಅಂದಾಜಿನ ಹಿಂದೆ ಎರಡು ಕಾರಣಗಳಿವೆ. ಮೊದಲನೆಯದು ರಾತ್ರಿಯದು. ಎಲೆ ಹಗಲು ಬಿಸಿಲಿನಲ್ಲಿ ಸಕ್ಕರೆ ಮಾಡುತ್ತದೆ, ರಾತ್ರಿ ಉಸಿರಾಡುತ್ತಾ ಅದರಲ್ಲಿ ಒಂದಿಷ್ಟನ್ನು ಖರ್ಚು ಮಾಡುತ್ತದೆ. ರಾತ್ರಿ ಬೆಚ್ಚಗಿದ್ದಷ್ಟೂ ಖರ್ಚು ಹೆಚ್ಚು. ಲ್ಯಾವೆಂಡರ್‌ನ ಈ ಜಾತಿಯನ್ನು ಇಂಗ್ಲಿಷ್ ಲ್ಯಾವೆಂಡರ್ ಎಂದು ಕರೆದರೂ, ಹಿಡ್ಕೋಟ್ ತಳಿಗೆ ಇಂಗ್ಲೆಂಡಿನ ಒಂದು ಬಂಗಲೆಯ ತೋಟದ ಹೆಸರೇ ಬಂದಿದ್ದರೂ, ಗಿಡದ ತವರು ಇಂಗ್ಲೆಂಡ್ ಅಲ್ಲ. ಫ್ರಾನ್ಸ್, ಸ್ಪೇನ್, ಇಟಲಿಗಳ ಕಲ್ಲುಬೆಟ್ಟಗಳ ಇಳಿಜಾರು ಅದರ ಊರು. ಅಲ್ಲಿ ಬೇಸಿಗೆಯ ಹಗಲು ಎಷ್ಟೇ ಸುಟ್ಟರೂ ರಾತ್ರಿ ತಂಪು. ಮಂಗಳೂರಿನಲ್ಲಿ ಏಪ್ರಿಲ್, ಮೇ ರಾತ್ರಿಗಳು 25 ಡಿಗ್ರಿಯ ಆಸುಪಾಸಿನಿಂದ ಕೆಳಗಿಳಿಯಲು ಒಪ್ಪುವುದಿಲ್ಲ. ಜನವರಿಯಲ್ಲೂ 20ರ ಸುತ್ತಲೇ. ಹಗಲು ಗಳಿಸಿದ್ದು ರಾತ್ರಿಯೇ ಕರಗುತ್ತಿದ್ದರೆ ಗಿಡ ದಪ್ಪವಾಗುವುದೆಲ್ಲಿಂದ? ಎರಡನೆಯ ಕಾರಣ ಹೂವಿನದು. ಈ ಜಾತಿಗೆ, ಅದರಲ್ಲೂ ಹಿಡ್ಕೋಟ್‌ನಂಥ ತಳಿಗಳಿಗೆ, ಚೆನ್ನಾಗಿ ಹೂ ಬಿಡಲು ಕೆಲವು ವಾರಗಳ ಗಟ್ಟಿ ಚಳಿ ಬೇಕು. ಚೀಟಿಯಲ್ಲಿ ಅದನ್ನು ಬರೆಯುವುದಿಲ್ಲ, ಏಕೆಂದರೆ ನ್ಯೂಜೆರ್ಸಿಯಲ್ಲಿ ಚಳಿಗಾಲ ತಾನಾಗಿಯೇ ಬರುತ್ತದೆ. ನರ್ಸರಿಯಿಂದ ಹೂ ಹೊತ್ತು ಬಂದ ಗಿಡ ನಮ್ಮಲ್ಲಿ ಆ ಹೂ ಬಾಡಿದ ಮೇಲೆ ಬರೀ ಸೊಪ್ಪಾಗಿ ಉಳಿಯುವುದಕ್ಕೆ ಇದೇ ಕಾರಣ. ಗೊಬ್ಬರ ಕಡಿಮೆಯಾಯಿತೆಂದು ನರ್ಸರಿಯವರು ಇನ್ನೊಂದು ಪೊಟ್ಟಣ ಮಾರುತ್ತಾರೆ, ಅದರಿಂದ ಸೊಪ್ಪು ಇನ್ನಷ್ಟು ಮೆತ್ತಗಾಗುತ್ತದೆ ಅಷ್ಟೆ. ಭಾರತದಲ್ಲಿ ಲ್ಯಾವೆಂಡರ್ ದೊಡ್ಡ ಪ್ರಮಾಣದಲ್ಲಿ ಬೆಳೆಯುತ್ತಿರುವುದು ಜಮ್ಮುವಿನ ದೋಡಾ ಜಿಲ್ಲೆಯ ಭದರ್ವಾದಲ್ಲಿ, ಹಿಮ ಬೀಳುವ ಊರಿನಲ್ಲಿ ಎಂಬುದನ್ನು ಇಲ್ಲಿ ನೆನೆಯಬಹುದು.

ಇನ್ನು ಬಿಸಿಲಿನ ಸಾಲು. ಚೀಟಿಗಳ ಭಾಷೆಯಲ್ಲಿ ಪೂರ್ತಿ ಬಿಸಿಲು ಎಂದರೆ ದಿನಕ್ಕೆ ಕನಿಷ್ಠ 6 ಗಂಟೆ ನೇರ ಬಿಸಿಲು. ಅರೆ ಬಿಸಿಲು, ಅರೆ ನೆರಳು ಎಂದು ಬರೆದದ್ದು ಸುಮಾರು 4ರಿಂದ 6 ಗಂಟೆ. ನೆರಳು ಎಂದರೆ ಅದಕ್ಕೂ ಕಡಿಮೆ. ಗಂಟೆ ಎಲ್ಲ ಕಡೆಯೂ ಒಂದೇ, ಬಿಸಿಲು ಒಂದೇ ಅಲ್ಲ. ನ್ಯೂಜೆರ್ಸಿಯಲ್ಲಿ ಜೂನ್ ತಿಂಗಳ ಹಗಲು ಸುಮಾರು 15 ಗಂಟೆ. ಬಿಸಿಲು ಅಷ್ಟೂ ಹೊತ್ತಿಗೆ ಹರಡಿಕೊಂಡು ಬೀಳುತ್ತದೆ. ಮಂಗಳೂರಿನಲ್ಲಿ ವರ್ಷದ ಅತಿ ಉದ್ದದ ಹಗಲೂ 13 ಗಂಟೆ ಮುಟ್ಟುವುದಿಲ್ಲ, ಏಪ್ರಿಲ್ ಕೊನೆಯ ವಾರದಲ್ಲಿ ಸೂರ್ಯ ಮಧ್ಯಾಹ್ನ ನೆತ್ತಿಯ ಮೇಲೇ ಬಂದು ನಿಲ್ಲುತ್ತಾನೆ. ಆಗ ಕಾಂಕ್ರೀಟ್ ಟೆರೇಸಿನ ಮೇಲಿನ ಕರಿ ಪ್ಲಾಸ್ಟಿಕ್ ಕುಂಡದೊಳಗಿನ ಮಣ್ಣು 40 ಡಿಗ್ರಿ ದಾಟುತ್ತದೆ. ಎಲೆ ತಡೆದುಕೊಂಡರೂ ಕುಂಡದ ಅಂಚಿಗೆ ತಾಗಿದ ಎಳೆ ಬೇರುಗಳು ಬೇಯುತ್ತವೆ. ಮಧ್ಯಾಹ್ನ ಗಿಡ ಸೊರಗಿದ್ದನ್ನು ಕಂಡು ನೀರು ಹೊಯ್ದರೂ ಅದು ಏಳದಿದ್ದರೆ ಕುಂಡದ ಪಶ್ಚಿಮದ ಮಗ್ಗುಲಿನ ಬೇರುಗಳನ್ನು ಬಿಡಿಸಿ ನೋಡಿ, ಕಂದು ಬಣ್ಣಕ್ಕೆ ತಿರುಗಿರುತ್ತವೆ.

ಹೀಗಾಗಿ ಚೀಟಿಯ ಗಂಟೆಗಳನ್ನು ನಾವು ದಿಕ್ಕಿಗೆ ಬದಲಿಸಿಕೊಳ್ಳಬೇಕು. ಪೂರ್ತಿ ಬಿಸಿಲು ಎಂದಿರುವ ಗಿಡ ತಂಪು ದೇಶದ್ದಾದರೆ ಕರಾವಳಿಯಲ್ಲಿ ಅದಕ್ಕೆ ಪೂರ್ವದ ಬಿಸಿಲು, ಬೆಳಿಗ್ಗೆಯಿಂದ 11ರ ತನಕ, ಆಮೇಲೆ ಗೋಡೆಯ ನೆರಳು ಅಥವಾ ನರ್ಸರಿಯವರು 50 ಪರ್ಸೆಂಟ್ ಎಂದು ಕೇಳಿದರೆ ಕೊಡುವ ಹಸಿರು ಬಲೆ. ಅರೆ ಬಿಸಿಲಿನದಾದರೆ ಪೂರ್ವದ ಜಗಲಿಯ ಅಂಚು ಸಾಕು. ಪಶ್ಚಿಮದ ಬಿಸಿಲನ್ನು ದಾಸವಾಳ, ಕೇಪಳ, ಬೋಗನ್‌ವಿಲ್ಲಾಗಳಿಗೆ ಬಿಟ್ಟುಬಿಡಿ. ಚೀಟಿಯಲ್ಲಿ ಆಗಾಗ ಕಾಣುವ ಇನ್ನೊಂದು ಮಾತು, ನೇರ ಬಿಸಿಲು ಬೀಳದ ಒಳ್ಳೆಯ ಬೆಳಕು. ಇದನ್ನು ಅಳೆಯಲು ಯಂತ್ರ ಬೇಕಿಲ್ಲ. ಗಿಡ ಇಡುವ ಜಾಗದಲ್ಲಿ ನಡುಮಧ್ಯಾಹ್ನ ಒಂದು ಬಿಳಿ ಕಾಗದ ಇಟ್ಟು ಅದರ ಮೇಲೆ ಒಂದಡಿ ಎತ್ತರದಲ್ಲಿ ಕೈ ಹಿಡಿಯಿರಿ. ಬೆರಳುಗಳ ನೆರಳು ಚೂಪಾಗಿ ಬಿದ್ದರೆ ಅಲ್ಲಿ ನೇರ ಬಿಸಿಲಿದೆ. ಕೈಯ ಆಕಾರ ತಿಳಿಯುತ್ತದೆ, ಅಂಚು ಮಸುಕಾಗಿದೆ ಎಂದರೆ ಅದೇ ಚೀಟಿ ಹೇಳುವ ಬೆಳಕು. ನೆರಳೇ ಕಾಣದಿದ್ದರೆ ಅಲ್ಲಿ ಯಾವ ಹೂಗಿಡವನ್ನೂ ಇಡಬೇಡಿ.

ಈ ಪರೀಕ್ಷೆಯನ್ನು ವರ್ಷಕ್ಕೆ ಎರಡು ಬಾರಿ ಮಾಡಬೇಕು, ಏಪ್ರಿಲಿನಲ್ಲೊಮ್ಮೆ, ಜುಲೈಯಲ್ಲೊಮ್ಮೆ. ಯುರೋಪ್, ಅಮೆರಿಕಗಳ ಚೀಟಿಗಳಿಗೆ ಕತ್ತಲೆಯ ಕಾಲವೆಂದರೆ ಡಿಸೆಂಬರ್. ನಮಗೆ ಅದು ಆಟಿ ತಿಂಗಳು. ದಿನಗಟ್ಟಲೆ ಸೂರ್ಯನ ಮುಖ ಕಾಣದ ಆಟಿಯಲ್ಲಿ ಏಪ್ರಿಲಿನ ಜಾಗ ಅದೇ ಜಾಗವಾಗಿ ಉಳಿದಿರುವುದಿಲ್ಲ. ಚಳಿಗಾಲದಲ್ಲಿ ಗೊಬ್ಬರ ನಿಲ್ಲಿಸಿ, ನೀರು ಕಡಿಮೆ ಮಾಡಿ ಎಂದು ಚೀಟಿ ಹೇಳಿದರೆ ಕರಾವಳಿಯವರು ಅದನ್ನು ಜೂನ್‌ನಿಂದ ಆಗಸ್ಟ್‌ಗೆ ಎಂದು ಓದಿಕೊಳ್ಳಬೇಕು. ಬೆಳಕಿಲ್ಲದಾಗ ಗಿಡ ಉಣ್ಣುವುದಿಲ್ಲ. ಆ ಕಾಲ ಅಲ್ಲಿ ಹಿಮದೊಂದಿಗೆ ಬರುತ್ತದೆ, ಇಲ್ಲಿ ಮಳೆಯೊಂದಿಗೆ.

ಮಳೆಯ ಮಾತು ಬಂದ ಮೇಲೆ ನೀರಿನ ಸಾಲಿಗೇ ಬರೋಣ. ನಿಜವಾದ ತೊಡಕಿರುವುದು ಇಲ್ಲೇ. ಚೀಟಿಗಳು ಕೊಡುವ ಮಾಮೂಲು ಸಲಹೆ ವಾರಕ್ಕೆ ಒಂದು ಇಂಚು ನೀರು. 10 ಇಂಚು ಅಗಲದ ಕುಂಡದಲ್ಲಿ ಒಂದು ಇಂಚು ನೀರು ಎಂದರೆ ಸುಮಾರು ಒಂದೂಕಾಲು ಲೀಟರ್. ಮಳೆಯ ಲೆಕ್ಕದಲ್ಲಿ ಅದು 25 ಮಿಲಿಮೀಟರ್. ಮಂಗಳೂರಿನಲ್ಲಿ ಜುಲೈ ಒಂದೇ ತಿಂಗಳಲ್ಲಿ ಸಾಮಾನ್ಯವಾಗಿ ಒಂದು ಸಾವಿರ ಮಿಲಿಮೀಟರಿನ ಆಸುಪಾಸು ಮಳೆ ಸುರಿಯುತ್ತದೆ. ಅಂದರೆ ಚೀಟಿ ವಾರಕ್ಕೆಂದು ಅಳೆದುಕೊಟ್ಟದ್ದಕ್ಕಿಂತ ಹೆಚ್ಚು ನೀರು ಪ್ರತಿ ದಿನ. ಲ್ಯಾವೆಂಡರ್‌ನ ತವರಿನಲ್ಲಿ ಮಳೆ ಬರುವುದು ಚಳಿಗಾಲದಲ್ಲಿ, ಬೇಸಿಗೆ ಒಣಒಣ. ನಮ್ಮಲ್ಲಿ ಒದ್ದೆ ಮತ್ತು ಸೆಕೆ ಕೈ ಹಿಡಿದುಕೊಂಡೇ ಬರುತ್ತವೆ. ಗಿಡವನ್ನು ಕೊಲ್ಲುವುದು ಈ ಜೋಡಿ.

ಹೇಗೆಂದರೆ, ಬೇರಿಗೂ ಉಸಿರು ಬೇಕು. ಮಣ್ಣಿನ ಕಣಗಳ ನಡುವಿನ ಸಂದುಗಳಲ್ಲಿ ಗಾಳಿ ಇರುತ್ತದೆ, ನೀರು ತುಂಬಿದರೆ ಅದು ಹೊರಗೆ ಹೋಗುತ್ತದೆ. ಆಮೇಲೆ ಬೇರಿಗೆ ಸಿಗುವುದು ನೀರಿನಲ್ಲಿ ಕರಗಿದ ಆಮ್ಲಜನಕ ಮಾತ್ರ. ನೀರು ಬೆಚ್ಚಗಾದಷ್ಟೂ ಅದರಲ್ಲಿ ಕರಗುವ ಆಮ್ಲಜನಕ ಕಡಿಮೆ. 10 ಡಿಗ್ರಿಯ ನೀರಿನಲ್ಲಿ ಇರಬಹುದಾದುದಕ್ಕಿಂತ 30 ಡಿಗ್ರಿಯ ನೀರಿನಲ್ಲಿ ಮೂರನೇ ಒಂದು ಭಾಗ ಕಡಿಮೆ. ಅದೇ ಹೊತ್ತಿಗೆ ಬೆಚ್ಚಗಿನ ಬೇರಿಗೆ ಉಸಿರಿನ ಅಗತ್ಯ ಹೆಚ್ಚು. ಚಳಿಯ ಊರಿನಲ್ಲಿ ಒದ್ದೆ ಮಣ್ಣಿನಲ್ಲಿ ವಾರಗಟ್ಟಲೆ ತಡೆದುಕೊಂಡ ಗಿಡ ಇಲ್ಲಿ ಕೆಲವೇ ದಿನಗಳಲ್ಲಿ ಸೋಲುವುದು ಇದಕ್ಕೇ. ಸೋತ ಬೇರಿಗೆ ಬಂದು ಹತ್ತುವುದು ಫೈಟಾಫ್ತೊರಾ. ಈ ಹೆಸರು ಹೊಸದೆನಿಸಿದರೂ ಕರಾವಳಿ, ಮಲೆನಾಡಿನವರಿಗೆ ಅದರ ಪರಿಚಯ ಚೆನ್ನಾಗಿಯೇ ಇದೆ: ಅಡಿಕೆಯ ಕೊಳೆರೋಗ ಅದರದೇ ಒಂದು ಪ್ರಭೇದದ ಕೆಲಸ, ಕರಿಮೆಣಸಿನ ಬಳ್ಳಿಯನ್ನು ದಿಢೀರನೆ ಒಣಗಿಸುವ ಸೊರಗು ರೋಗ ಇನ್ನೊಂದರದು. ತೋಟಕ್ಕೆ ಬೋರ್ಡೋ ದ್ರಾವಣ ಹೊಡೆಸುವ ಮನೆಯಲ್ಲಿ ಲ್ಯಾವೆಂಡರ್ ಕುಂಡ ಮಳೆಯಲ್ಲಿ ನೆನೆಯುತ್ತಾ ಕೂತರೆ ಅದರ ಗತಿ ಏನಾಗುತ್ತದೆಂದು ತೋಟದ ಯಜಮಾನರೇ ಹೇಳಿಬಿಡುತ್ತಾರೆ.

ಇದರ ಮೊದಲ ಲಕ್ಷಣ ಜನರನ್ನು ದಾರಿ ತಪ್ಪಿಸುತ್ತದೆ. ಬೇರು ಕೊಳೆತರೆ ನೀರು ಮೇಲೇರುವುದಿಲ್ಲ, ಹಾಗಾಗಿ ಎಲೆ ಬಾಡುತ್ತದೆ. ಬಾಡಿದ ಎಲೆ ಕಂಡವರು ಮತ್ತೆ ನೀರು ಹೊಯ್ಯುತ್ತಾರೆ. ಬಾಯಾರಿ ಬಾಡಿದ ಗಿಡಕ್ಕೂ ಕೊಳೆತು ಬಾಡಿದ ಗಿಡಕ್ಕೂ ಇರುವ ವ್ಯತ್ಯಾಸ ಮಣ್ಣಿನಲ್ಲಿದೆ. ತೋರುಬೆರಳನ್ನು ಎರಡನೇ ಗೆಣ್ಣಿನ ತನಕ ಮಣ್ಣಿಗೆ ಇಳಿಸಿ. ಒಣಗಿದ್ದರೆ ಬಾಯಾರಿಕೆ. ಒದ್ದೆಯಾಗಿದ್ದೂ ಎಲೆ ಬಾಡಿದ್ದರೆ ಕುಂಡವನ್ನು ಬೋರಲು ಹಾಕಿ ಬೇರು ನೋಡಿ. ಒಳ್ಳೆಯ ಬೇರು ಬೆಳ್ಳಗೆ, ಗಟ್ಟಿಯಾಗಿರುತ್ತದೆ. ಕೊಳೆತ ಬೇರನ್ನು ಎರಡು ಬೆರಳಿನಲ್ಲಿ ಹಿಡಿದು ಎಳೆದರೆ ಮೇಲಿನ ಸಿಪ್ಪೆ ಜಾರಿ ಒಳಗಿನ ದಾರದಂಥ ನಾರು ಉಳಿಯುತ್ತದೆ, ಜೌಗಿನ ವಾಸನೆ ಬರುತ್ತದೆ. ಬುಡದ ಕಾಂಡವೂ ಕಪ್ಪಾಗಿದ್ದರೆ ಆ ಗಿಡ ಉಳಿಯುವುದಿಲ್ಲ, ಮಣ್ಣಿನ ಸಮೇತ ಎಸೆಯಿರಿ. ಆ ಮಣ್ಣನ್ನು ಬೇರೆ ಕುಂಡಕ್ಕೆ ಹಾಕಬೇಡಿ. ಬೇರಿನಲ್ಲಿ ಅರ್ಧಕ್ಕಿಂತ ಹೆಚ್ಚು ಬೆಳ್ಳಗಿದ್ದರೆ ಕೊಳೆತದ್ದನ್ನು ಕತ್ತರಿಸಿ, ಹೊಸ ಮಣ್ಣಿನಲ್ಲಿ ನೆಟ್ಟು, ಸೂರಿನ ಕೆಳಗಿಟ್ಟು ನೋಡಬಹುದು.

ನೀರು ಬಸಿದು ಹೋಗುವ ಮಣ್ಣು ಎಂಬ ಸಾಲನ್ನು ನಾವು ಸಲೀಸಾಗಿ ಒಪ್ಪಿಕೊಂಡು, ಕುಂಡದ ಅಡಿಯಲ್ಲಿ ಒಡೆದ ಹೆಂಚಿನ ಚೂರುಗಳನ್ನು ದಪ್ಪಗೆ ಹಾಸಿ ಮುಗಿಸುತ್ತೇವೆ. ಎಷ್ಟೋ ತಲೆಮಾರಿನಿಂದ ಬಂದ ಅಭ್ಯಾಸವಾದರೂ ಅದರಿಂದ ಪ್ರಯೋಜನ ಇಲ್ಲ. ಸಣ್ಣ ಕಣದ ಮಣ್ಣಿನಿಂದ ನೀರು ದೊಡ್ಡ ಚೂರುಗಳಿಗೆ ಸುಲಭವಾಗಿ ಇಳಿಯುವುದಿಲ್ಲ. ಮಣ್ಣಿನ ತಳದಲ್ಲೇ ಒಂದು ಒದ್ದೆ ಪದರವಾಗಿ ನಿಲ್ಲುತ್ತದೆ. ಚೂರು ಹಾಸಿದಷ್ಟೂ ಆ ಒದ್ದೆ ಪದರ ಬೇರಿನ ಹತ್ತಿರಕ್ಕೆ ಮೇಲೇರುತ್ತದೆ. ತೂತಿನ ಮೇಲೆ ಮಣ್ಣು ಜಾರದಂತೆ ಒಂದು ಚೂರು ಸಾಕು. ಜಲ್ಲಿಯನ್ನು ತಳದಲ್ಲಿ ಹಾಸುವ ಬದಲು ಮಣ್ಣಿನಲ್ಲೇ ಬೆರೆಸಬೇಕು. ಲ್ಯಾವೆಂಡರ್‌ನಂಥ ಗಿಡಕ್ಕೆ ಅರ್ಧ ಭಾಗ ಸಣ್ಣ ಜಲ್ಲಿ ಮತ್ತು ದಪ್ಪ ಮರಳು, ಕಾಲು ಭಾಗ ಮಣ್ಣು, ಕಾಲು ಭಾಗ ಚೆನ್ನಾಗಿ ಕಳಿತ ಕಾಂಪೋಸ್ಟ್. ಕರಾವಳಿಯ ಕೆಂಪು ಮಣ್ಣು ಹುಳಿ, ಈ ಗಿಡದ ತವರಿನದು ಸುಣ್ಣದ ಮಣ್ಣು. ಒಂದು ಹಿಡಿ ಚಿಪ್ಪಿನ ಪುಡಿ ಬೆರೆಸಿದರೆ ಒಳ್ಳೆಯದು. ನರ್ಸರಿಯಿಂದ ಬಂದಾಗ ಬೇರಿನ ಸುತ್ತ ಇರುವ ಕೊಕೊಪೀಟ್ ಮುದ್ದೆಯನ್ನೂ ಮರೆಯಬಾರದು. ಹೊರಗಿನ ಮಣ್ಣು ಒಣಗಿದ್ದರೂ ಆ ಮುದ್ದೆ ದಿನಗಟ್ಟಲೆ ಒದ್ದೆಯಾಗಿಯೇ ಇರುತ್ತದೆ. ನೆಡುವಾಗ ಅದನ್ನು ಬೆರಳಿನಿಂದ ಮೆಲ್ಲಗೆ ಸಡಿಲಿಸಿ, ಉದುರಿದಷ್ಟನ್ನು ಉದುರಿಸಬೇಕು.

ಗಾಳಿಯ ತೇವದ ಕುರಿತ ಸಾಲುಗಳನ್ನು ಮಾತ್ರ ನಾವು ಯೋಚಿಸದೆ ಅಳಿಸಬಹುದು. ಎಲೆಗೆ ದಿನಕ್ಕೊಮ್ಮೆ ನೀರು ಚಿಮುಕಿಸಿ, ಕುಂಡದ ಕೆಳಗೆ ಕಲ್ಲುಹರಳಿನ ತಟ್ಟೆಯಲ್ಲಿ ನೀರಿಡಿ ಎಂಬುದೆಲ್ಲ ಚಳಿಗಾಲದಲ್ಲಿ ಹೀಟರ್ ಹಾಕಿ ಗಾಳಿ ಒಣಗಿಸಿಕೊಳ್ಳುವ ಮನೆಗಳ ಪಾಡು. ಮಂಗಳೂರಿನಲ್ಲಿ ಚಿಮುಕಿಸಿದ ನೀರು ಎಲೆಯಿಂದ ಆರುವುದಿಲ್ಲ, ಎಲೆಚುಕ್ಕೆ ರೋಗಕ್ಕೆ ಹಾಸಿಗೆಯಾಗುತ್ತದೆ. ಕುಂಡದ ಕೆಳಗಿನ ತಟ್ಟೆಯನ್ನು ಮೇ ಕೊನೆಯಲ್ಲೇ ತೆಗೆದಿಡಿ. ಚೀಟಿಯಲ್ಲಿ ಗಿಡಗಳ ನಡುವೆ ಒಂದಡಿ ಅಂತರ ಎಂದಿದ್ದರೆ ಇಲ್ಲಿ ಒಂದೂವರೆ ಅಡಿ ಬಿಡಿ, ಎಲೆಗಳ ನಡುವೆ ಗಾಳಿ ಆಡಲಿ.

ಇಷ್ಟೂ ಸೇರಿಸಿ ಸೋದರಸೊಸೆಯ ಚೀಟಿಯನ್ನು ಮಂಗಳೂರಿಗೆ ಬರೆದರೆ ಹೀಗಾಗುತ್ತದೆ: ಅಕ್ಟೋಬರ್ ಕೊನೆಗೆ, ಹಿಂಗಾರು ಕಡಿಮೆಯಾದ ಮೇಲೆ ತನ್ನಿ. ಮಣ್ಣಿನ ಕುಂಡ, ಜಲ್ಲಿ ಬೆರೆಸಿದ ಮಣ್ಣು, ಪೂರ್ವದ ಬಿಸಿಲು. ಬೆರಳು ಇಳಿಸಿ ನೋಡಿ ಒಣಗಿದ್ದರೆ ಮಾತ್ರ ನೀರು. ಡಿಸೆಂಬರಿನಲ್ಲಿ ಅದು ಮೂರ್ನಾಲ್ಕು ದಿನಕ್ಕೊಮ್ಮೆ ಆಗಬಹುದು, ಏಪ್ರಿಲಿನಲ್ಲಿ ದಿನವೂ ಬೆಳಿಗ್ಗೆ ಬೇಕಾಗಬಹುದು. ನೀರು ಕಡಿಮೆ ಸಾಕು ಎಂಬ ಮಾತು ನೆಲದಲ್ಲಿ ಆಳಕ್ಕೆ ಬೇರಿಳಿಸಿದ ಗಿಡಕ್ಕೆ ಹೇಳಿದ್ದು, ಟೆರೇಸಿನ ಕುಂಡಕ್ಕಲ್ಲ. ಜೂನ್ ಮೊದಲ ವಾರ ಸೂರಿನ ಕೆಳಗೆ, ಆದರೆ ಬೆಳಕು ಬೀಳುವಲ್ಲಿಗೆ. ಹೂ ನರ್ಸರಿಯಿಂದ ತಂದದ್ದೇ ಕೊನೆಯದು ಎಂದುಕೊಳ್ಳಿ. ಒಂದು ಒಣ ಋತುವಿನ ಪರಿಮಳಕ್ಕೆಂದು ಸೇವಂತಿಗೆಯ ಹಾಗೆ ತಂದು ಬಿಡುವುದಾದರೆ ಬೇಸರವಿಲ್ಲ. ವರ್ಷಗಟ್ಟಲೆ ಬೆಳೆಸುವ ಆಸೆಯಿದ್ದರೆ ಹಿಡ್ಕೋಟ್ ಬೇಡ. ಚೀಟಿಯಲ್ಲಿ ಡೆಂಟಾಟಾ ಎಂದಿರುವ, ಗರಗಸದ ಹಲ್ಲಿನಂಥ ಎಲೆಯಂಚಿನ ಜಾತಿಯನ್ನು ಕೇಳಿ. ಅದಕ್ಕೆ ಹೂ ಬಿಡಲು ಅಂಥ ಚಳಿ ಬೇಕಿಲ್ಲ, ಸೆಕೆಯನ್ನೂ ತುಸು ಹೆಚ್ಚು ತಡೆಯುತ್ತದೆ. ಮಳೆಯಿಂದ ಮರೆ ಮಾತ್ರ ಅದಕ್ಕೂ ಬೇಕು.

ಅದೇ ಅಂಗಡಿಯಲ್ಲಿ ಅವಳು ಸುಮ್ಮನೆ ತೆಗೆದಿದ್ದ ಇನ್ನೊಂದು ಫೋಟೊ ನನಗೆ ಹೆಚ್ಚು ಹಿಡಿಸಿತು. ಗುಲಾಬಿ ಬಣ್ಣದ ಹೂವು, ಚೀಟಿಯಲ್ಲಿ ಎಚ್ಚರಿಕೆಗಳ ಸಾಲು: ವಾರ್ಷಿಕ ಗಿಡ, ಚಳಿ ತಡೆಯದು, ಹಿಮ ಬಿದ್ದರೆ ಸಾಯುತ್ತದೆ, ಜೋನ್ 10ರ ಮೇಲೆ ಮಾತ್ರ ಬಹುವಾರ್ಷಿಕ. ದೊಡ್ಡದು ಮಾಡಿ ನೋಡಿದರೆ ಅದು ನಮ್ಮ ನಿತ್ಯಪುಷ್ಪ, ಬೇಲಿಯ ಬುಡದಲ್ಲಿ ಯಾರೂ ನೀರು ಹೊಯ್ಯದೆ ವರ್ಷವಿಡೀ ಅರಳುವ ಗಿಡ. ಅಲ್ಲಿ ಹೆದರಿಸಲು ಬರೆದ ಸಾಲು ಇಲ್ಲಿ ಶಿಫಾರಸು ಪತ್ರ. ಚಳಿ ತಡೆಯದು, 10 ಡಿಗ್ರಿಗಿಂತ ಕೆಳಗಿಳಿದರೆ ಮನೆಯೊಳಗೆ ತನ್ನಿ, ಒಳಾಂಗಣ ಗಿಡ ಎಂಬ ಮಾತುಗಳು ಕಂಡಾಗ ಕರಾವಳಿಯವರು ಕಿವಿ ನಿಮಿರಿಸಬೇಕು. ಬ್ರಿಟನ್ನಿನ ಚೀಟಿಯಾದರೆ ಅಲ್ಲಿನ ರಾಯಲ್ ಹಾರ್ಟಿಕಲ್ಚರಲ್ ಸೊಸೈಟಿಯ ಎಚ್ ಅಕ್ಷರದ ಅಂಕಿಗಳಿರುತ್ತವೆ, ಎಚ್ 1ರಿಂದ ಎಚ್ 7ರ ತನಕ. ಎಚ್ 7 ಅತಿ ಚಳಿ ತಡೆಯುವ ಗಿಡ, ಎಚ್ 1-ಎ ವರ್ಷಪೂರ್ತಿ 15 ಡಿಗ್ರಿಗಿಂತ ಬೆಚ್ಚಗಿರುವ ಗಾಜಿನ ಮನೆಯಲ್ಲೇ ಇರಬೇಕಾದ್ದು. ಅಮೆರಿಕದ ಅಂಕಿ ಬೆಚ್ಚಗಿನ ಕಡೆಗೆ ಏರುತ್ತದೆ, ಬ್ರಿಟನ್ನಿನದು ಚಳಿಯ ಕಡೆಗೆ. ಎರಡನ್ನೂ ಒಂದೇ ಎಂದುಕೊಂಡರೆ ಕೆಲಸ ಕೆಟ್ಟಿತು. ಎಚ್ 1 ಎಂದಿರುವ ಆಂಥೂರಿಯಂ, ಅಗ್ಲೋನಿಮಾ, ಮಾನ್‌ಸ್ಟೆರಾಗಳಿಗೆ ಬ್ರಿಟನ್ನಿನವರು ಹಣ ಕೊಟ್ಟು ಕಟ್ಟಿಸುವ ಗಾಜಿನ ಮನೆಯ ಹವೆ ನಮ್ಮ ಅಡಿಕೆ ತೋಟದ ನೆರಳಿನಲ್ಲಿ ಬಿಟ್ಟಿಯಾಗಿ ಸಿಗುತ್ತದೆ.

ಹೊರದೇಶದಲ್ಲಿರುವವರು ರಜೆಗೆ ಬರುವಾಗ ಗಿಡವನ್ನೋ ಬೀಜವನ್ನೋ ಚೀಲದಲ್ಲಿ ಹಾಕಿಕೊಂಡು ಬರುವ ಯೋಚನೆ ಮಾಡುವುದುಂಟು. 2003ರ ಸಸ್ಯ ಸಂಪರ್ಕ ನಿಷೇಧ ಆದೇಶದ ಪ್ರಕಾರ ಅದಕ್ಕೆ ಆಮದು ಅನುಮತಿಯೂ ಆ ದೇಶದ ಸಸ್ಯಾರೋಗ್ಯ ಪ್ರಮಾಣಪತ್ರವೂ ಬೇಕು. ತರುವ ಬದಲು ಫೋಟೊ ಕಳಿಸಿ. ಆದರೆ ಚೀಟಿಯ ಮುಂಭಾಗದ ಹೂವಿನ ಚಿತ್ರದಿಂದ ನಮಗೇನೂ ತಿಳಿಯುವುದಿಲ್ಲ. ಚೀಟಿಯನ್ನು ಮಣ್ಣಿನಿಂದ ಪೂರ್ತಿ ಮೇಲೆಳೆದು, ಹಿಂಭಾಗವನ್ನು, ಜಾತಿಯ ಲ್ಯಾಟಿನ್ ಹೆಸರು ಮತ್ತು ಜೋನಿನ ಎರಡೂ ಅಂಕಿ ಓದಲು ಬರುವಷ್ಟು ಹತ್ತಿರದಿಂದ ತೆಗೆಯಿರಿ. ಜೊತೆಗೆ ಗಿಡ ಇಡಬೇಕೆಂದಿರುವ ಜಾಗದ್ದೂ ಒಂದು ಫೋಟೊ, ಮಧ್ಯಾಹ್ನ 12 ಗಂಟೆಯದು, ಊರಿನಲ್ಲಿರುವ ಅಮ್ಮನಿಂದಲೇ ತೆಗೆಸಿ ಕಳಿಸಿ.